‘ನಿಮ್ಮ ಬಗ್ಗೆ ಹೇಳಿ’: ಮೀನಿನ ಕೋಲ್ಡ್ ಸ್ಟೋರೇಜಿನಿಂದ ಔಷಧಿ ಗೋದಾಮಿಗೆ

ಹದಿಮೂರು ವರ್ಷ ನಾನು ಕಾರವಾರದಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಂಡೆ. ಈಗ ಹುಬ್ಬಳ್ಳಿಯ ಒಂದು ಔಷಧಿ ಗೋದಾಮಿನಲ್ಲಿದ್ದೇನೆ. ಲೈನ್ ಬದಲಿಸುತ್ತೇನೆ ಎಂದಾಗ ನಮ್ಮ ಭಾವ, "ಬಂಗಡೆ ಕಾದವನಿಗೆ ಇನ್ಸುಲಿನ್ ಕಾಯೋ ಕೆಲಸ ಯಾರು ಕೊಡ್ತಾರೆ ಮಾರಾಯ?" ಎಂದಿದ್ದರು. ಕೊಟ್ಟರು, ಐದನೇ ಇಂಟರ್‌ವ್ಯೂನಲ್ಲಿ. ಅದಕ್ಕೂ ಮುಂಚಿನ ನಾಲ್ಕರಲ್ಲಿ ನಾನು ಸೋತದ್ದು ‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲನೇ ಪ್ರಶ್ನೆಯಲ್ಲೇ. ಅದು ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ಮೊದಲನೇ ಸಲ ಹುಟ್ಟಿದ ಊರಿನಿಂದ ಶುರು ಮಾಡಿದೆ. ಶಾಲೆ, ಬಿಎಸ್‌ಸಿ, ಮೊದಲ ಸಂಬಳ, ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವದ ಲೋಡಿಂಗ್, ಹೀಗೆ ವರ್ಷದ ಮೇಲೆ ವರ್ಷ. ಆರು ನಿಮಿಷ ಆಗಿರಬೇಕು. ಎದುರಿಗಿದ್ದವರು ಮೂರನೇ ನಿಮಿಷಕ್ಕೇ ನನ್ನ ರೆಸ್ಯೂಮೆಯ ಎರಡನೇ ಪುಟ ತಿರುವಿದ್ದರು. ನಾನು ಹೇಳಬೇಕಾದ ಒಳ್ಳೆಯ ಸಂಗತಿ ಬಂದದ್ದು ಐದನೇ ನಿಮಿಷದಲ್ಲಿ. ಆಗ ಕೇಳುವವರೇ ಇರಲಿಲ್ಲ.

ಆಮೇಲೆ ಒಬ್ಬ ತರಬೇತಿಯವರಿಗೆ ಆರು ಸಾವಿರ ಕೊಟ್ಟೆ. ಅವರು ಇಂಗ್ಲಿಷಿನಲ್ಲಿ ಬರೆದು ಕೊಟ್ಟದ್ದನ್ನು ಬಾಯಿಪಾಠ ಮಾಡಿದೆ. ಅದರಲ್ಲಿ ‘ಮೀನು’ ಎಂಬ ಪದವೇ ಇರಲಿಲ್ಲ. ‘ಶೀತಲ ಸರಬರಾಜು ವ್ಯವಸ್ಥೆಯಲ್ಲಿ ದೀರ್ಘ ಅನುಭವ’ ಎಂಬ ಅರ್ಥದ ಏನೇನೋ ಇತ್ತು. ಎರಡನೇ ಇಂಟರ್‌ವ್ಯೂನಲ್ಲಿ ಅವರು ಕೇಳಿದ ಮೊದಲ ಮಾತೇ, "ಯಾವ ಸರಕು?" ಮೀನು ಎಂದೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದ ಹಾಗಾಯಿತು. ಅಲ್ಲಿಂದ ಮುಂದೆ ನಾನು ಹೇಳಿದ್ದನ್ನೆಲ್ಲ ಅವರು ಅನುಮಾನದಿಂದಲೇ ಕೇಳಿದರು. ಹಳೆಯ ಉದ್ಯಮದ ಹೆಸರನ್ನು ಮೊದಲ ಹತ್ತು ಸೆಕೆಂಡಿನಲ್ಲೇ ಹೇಳಿಬಿಡಬೇಕು ಎಂದು ಆವತ್ತೇ ತೀರ್ಮಾನಿಸಿದೆ.

ಮೂರನೆಯದರಲ್ಲಿ ‘ಯಾಕೆ ಬಿಡುತ್ತೀರಿ’ ಎಂಬುದನ್ನು ಅವರು ಕೇಳುವ ಮುಂಚೆಯೇ ವಿವರಿಸಲು ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು ಟ್ರಾಲರ್ ನೀರಿಗಿಳಿಯುವುದಿಲ್ಲ, ಆ ಎರಡು ತಿಂಗಳು ನಮ್ಮ ಮಾಲೀಕರು ಅರ್ಧ ಸಂಬಳ ಕೊಡುತ್ತಿದ್ದರು, ಅದೂ ತಡವಾಗಿ. ಎಲ್ಲವೂ ನಿಜ. ಆದರೆ ನನ್ನ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷವನ್ನು ಹಳೆಯ ಮಾಲೀಕರೇ ತಿಂದರು. ನಾಲ್ಕನೆಯದು ಫೋನಿನಲ್ಲಿ ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಅಷ್ಟು ಹೊತ್ತಿಗೆ ತರಬೇತಿಯ ಹಣ, ಬಸ್ಸು, ಊಟ, ಒಂದು ರಾತ್ರಿಯ ಲಾಡ್ಜು, ರಜೆ ಹಾಕಿದ ದಿನಗಳ ಸಂಬಳ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಮೂರನೇ ಸಲ ವಾಪಸ್ ಬರುವಾಗ ಅರಬೈಲ್ ಘಾಟಿನಲ್ಲಿ ಲಾರಿ ಕೆಟ್ಟು ಬಸ್ಸು ಒಂದು ತಾಸು ನಿಂತಿತು. ಆಗ ಟಿಕೆಟಿನ ಹಿಂದೆ ಒಂದು ಪ್ರಶ್ನೆ ಬರೆದುಕೊಂಡೆ: ನನ್ನ ಹದಿಮೂರು ವರ್ಷದಲ್ಲಿ ಔಷಧಿಯವರಿಗೆ ಬೇಕಾದದ್ದು ಯಾವ ಒಂದು ದಿನ?

ಆ ದಿನ ಸಿಕ್ಕಿತು. ಒಂದು ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟಿತ್ತು. ಒಳಗೆ ಸುಮಾರು 40 ಟನ್ ಮಾಲು. ಏಳು ತಾಸು ಬಾಗಿಲು ತೆಗೆಯಲು ಬಿಡಲಿಲ್ಲ. ಹೊರಗಿನ ಡಿಸ್‌ಪ್ಲೇಗೆ ಬ್ಯಾಟರಿ ಇತ್ತು. ಅರ್ಧ ತಾಸಿಗೊಮ್ಮೆ ಟಾರ್ಚ್ ಹಿಡಿದು ತಾಪಮಾನ ಓದಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಮೈನಸ್ 22ರಿಂದ ಏರುತ್ತಾ ಬಂದು ಮೈನಸ್ 18ರ ಹತ್ತಿರ ನಿಂತಿತು. ಮೈನಸ್ 18 ಡಿಗ್ರಿ ನಮ್ಮ ಗಡಿ, ಅದರಿಂದ ಮೇಲೆ ಏರಬಾರದು. ಖರೀದಿದಾರರು ತಕರಾರು ತೆಗೆದಾಗ ಆ ಪುಟವನ್ನೇ ತೋರಿಸಿದೆ. ಒಂದು ಪೆಟ್ಟಿಗೆಯೂ ವಾಪಸ್ ಬರಲಿಲ್ಲ.

ಮೀನಿನ ಲೈನಿನಲ್ಲಿ ಇದನ್ನು ಮಾಲು ಉಳಿಸಿದ ಕಥೆಯಾಗಿ ಹೇಳುತ್ತಿದ್ದೆ. ಔಷಧಿಯವರಿಗೆ ಇದು ದಾಖಲೆ ಬರೆದ ಕಥೆ. ಅವರಲ್ಲಿ ತಾಪಮಾನ ಸರಿ ಇದ್ದರೂ, ಸರಿ ಇತ್ತು ಎಂದು ತೋರಿಸಲು ಬರಹ ಇಲ್ಲದಿದ್ದರೆ ಮಾಲು ಅನುಮಾನದ್ದೇ. ಘಟನೆ ಅದೇ, ನಾನು ಒತ್ತು ಕೊಡುವ ವಾಕ್ಯ ಮಾತ್ರ ಬದಲಾಯಿತು.

ಕೊನೆಗೆ ನಿಂತ ಉತ್ತರ ಹೆಚ್ಚುಕಡಿಮೆ ಹೀಗಿತ್ತು:

"ನಾನು ಹದಿಮೂರು ವರ್ಷದಿಂದ ಕಾರವಾರದಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನಡೆಸುತ್ತಿದ್ದೇನೆ. ಹನ್ನೊಂದು ಜನರ ತಂಡ, ಮೂರು ಕೋಣೆ. ನನ್ನ ಮುಖ್ಯ ಕೆಲಸ ತಾಪಮಾನ ಕಾಯುವುದು ಮತ್ತು ಕಾದದ್ದಕ್ಕೆ ದಾಖಲೆ ಇಡುವುದು." ಇಲ್ಲಿಗೆ ಇಪ್ಪತ್ತು ಸೆಕೆಂಡ್. ಆಮೇಲೆ ಆ ಏಳು ತಾಸಿನ ಘಟನೆ, ಐವತ್ತು ಸೆಕೆಂಡ್. ನಂತರ: "ನಿಮ್ಮಲ್ಲಿ ನಾನು ಹೊಸದಾಗಿ ಕಲಿಯಬೇಕಾದದ್ದಿದೆ. ನಮ್ಮಲ್ಲಿ ಜಾಸ್ತಿ ತಣ್ಣಗಾದರೆ ಮಾಲಿಗೆ ತೊಂದರೆ ಇಲ್ಲ. ನಿಮ್ಮ 2ರಿಂದ 8 ಡಿಗ್ರಿಯ ಕೋಣೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದನ್ನು ಬಿಸಾಡಬೇಕು. ನಾವು ಮೊದಲು ಬಂದದ್ದನ್ನು ಮೊದಲು ಕಳಿಸುತ್ತೇವೆ, ನೀವು ಮೊದಲು ಅವಧಿ ಮುಗಿಯುವುದನ್ನು ಮೊದಲು ಕಳಿಸುತ್ತೀರಿ. ಇವೆರಡನ್ನೂ ಓದಿಕೊಂಡಿದ್ದೇನೆ, ಕೈಯಿಂದ ಮಾಡಿಲ್ಲ. ವರ್ಷವಿಡೀ ನಡೆಯುವ, ದಾಖಲೆಗೆ ಬೆಲೆ ಇರುವ ಕಡೆ ಕೆಲಸ ಮಾಡಬೇಕು ಅಂತ ಬಂದಿದ್ದೇನೆ."

ಎಲ್ಲ ಸೇರಿ ಒಂದು ನಿಮಿಷ ಐವತ್ತು ಸೆಕೆಂಡ್. ಇದಾದ ಮೇಲೆ ಇನ್ನೊಂದು ವಾಕ್ಯವಿದೆ. ಮುಂದಿನ ಪ್ರಶ್ನೆಯನ್ನು ನಾನು ತಯಾರಾಗಿರುವ ಕಡೆಗೇ ಎಳೆದು ತರುವುದು ಅದರ ಕೆಲಸ. ಅದನ್ನು ಕೂಡಿಸಲು ನನಗೆ ಒಂದು ವಾರ ಹಿಡಿದಿದೆ, ಅದು ನನ್ನ ಹತ್ತಿರವೇ ಇರಲಿ.

‘ಮಾಡಿಲ್ಲ’ ಎಂದು ನಾವೇ ಹೇಳುವುದು ಬೇಡ ಎಂದು ಸ್ನೇಹಿತರೆಲ್ಲ ಹೇಳಿದ್ದರು. ನಾನು ಕೇಳಲಿಲ್ಲ, ಕೇಳದ್ದೇ ಒಳ್ಳೆಯದಾಯಿತು. ಆದರೆ ಕೊರತೆಯನ್ನು ಅವರ ಕೆಲಸದ ಭಾಷೆಯಲ್ಲೇ ಹೇಳಬೇಕು. ‘ಬೇಗ ಕಲಿಯುತ್ತೇನೆ’ ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಇನ್ಸುಲಿನ್ ಮಾತು ಬಂದಾಗ ಅವರ ಪೆನ್ನು ಓಡಿತು, ನಾನೇ ನೋಡಿದೆ. ಒಂದು ಮಿತಿಯೂ ಇದೆ: ಆ ಮಾತಿನ ಹಿಂದೆ ಎರಡು ಮೂರು ಪ್ರಶ್ನೆಗೆ ಉತ್ತರ ಇರಬೇಕು. ಇಲ್ಲದಿದ್ದರೆ ಅದು ಹೇಳದಿರುವುದೇ ಮೇಲು.

ಅಭ್ಯಾಸ ಮಾಡಿದ್ದು ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಯಲ್ಲಿ ಸಂಜೆ ನಡೆಯುತ್ತಾ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ನಲವತ್ತು ಸಲವಾದರೂ ಹೇಳಿರಬೇಕು. ಸುಮ್ನೆ ನೋಡೋಣ ಅಂತ ಒಮ್ಮೆ ಕೋಲ್ಡ್ ರೂಮಿನೊಳಗೆ ನಿಂತು ಹೇಳಿದೆ, ಒಂದೂವರೆ ನಿಮಿಷದೊಳಗೆ ಮುಗಿಯಿತು. ಗಾಬರಿಯಲ್ಲೂ ಹೀಗೇ ಓಡುತ್ತದೆ ಅಂತ ಆಗ ಅನಿಸಿತು. ಅದಕ್ಕೇ ಘಟನೆಯ ಮಧ್ಯೆ, ‘ಸಹಿ ಹಾಕಿದೆ’ ಎಂದಾದ ಮೇಲೆ, ಬೇಕಂತಲೇ ಒಂದು ಉಸಿರು ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ನಿಜವಾದ ಪರೀಕ್ಷೆ ಅಕ್ಕನ ಮಗಳದು. ಅವಳು ಪಿಯುಸಿ. ಉತ್ತರ ಹೇಳಿ, ಚಹಾ ಕುಡಿದು, ಹತ್ತು ನಿಮಿಷ ಬಿಟ್ಟು "ಏನು ನೆನಪಿದೆ ಹೇಳು" ಎಂದೆ. ಮೊದಲ ವಾರ ಅವಳಿಗೆ ನೆನಪಿದ್ದದ್ದು "ಮಾಮಾ, ಹನ್ನೊಂದು ಜನ" ಮಾತ್ರ. ತಂಡದ ಬಗ್ಗೆ ಇದ್ದ ಮೂರು ವಾಕ್ಯವನ್ನು ಒಂದಕ್ಕೆ ಇಳಿಸಿದೆ. ಎರಡನೇ ವಾರ ಅವಳು, "ಕರೆಂಟ್ ಹೋದಾಗ ಅರ್ಧ ಗಂಟೆಗೊಮ್ಮೆ ಬರೆದ್ರಿ" ಎಂದಳು. ಅವತ್ತಿನಿಂದ ಒಂದು ಪದವನ್ನೂ ಬದಲಿಸಲಿಲ್ಲ.

ಐದನೇ ಇಂಟರ್‌ವ್ಯೂನಲ್ಲಿ ನಾನು ಮಾತು ನಿಲ್ಲಿಸಿದ ಕೂಡಲೇ ಅವರು ಕೇಳಿದ್ದು, "ಆ ಪುಟದಲ್ಲಿ ಯಾವ ಯಾವ ಕಾಲಂ ಇತ್ತು?" ಮುಂದಿನ ಅರ್ಧ ತಾಸು ಅದೇ ಮಾತು. ಸಂಬಳ 34 ಸಾವಿರದಿಂದ 46ಕ್ಕೆ ಹೋಯಿತು, ಹನ್ನೆರಡು ತಿಂಗಳೂ ಪೂರ್ತಿ. ಭಾವನ ಸ್ನೇಹಿತರೊಬ್ಬರು ಅಡಿಕೆ ಮಂಡಿ ಬಿಟ್ಟು ಬೇರೆ ಲೈನಿಗೆ ಹೋಗಬೇಕೆಂದಿದ್ದಾರಂತೆ. ಹೋದ ಭಾನುವಾರ ಭಾವನೇ ಅವರನ್ನು ಶಿರಸಿಯಿಂದ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು.