ಜಿಗ್‌ಜ್ಯಾಗ್‌ನ ಕೊನೆಯ ಗೆರೆ ನೋಡಿ ಅಡಿಕೆ ಮಾರುವ ಮುನ್ನ

ಬದಿಯಡ್ಕ, ಪೆರ್ಲದ ಕಡೆಯ ಚಾಲಿ ಅಡಿಕೆ ಧಾರಣೆಗೆ ನಾನು ಜಿಗ್‌ಜ್ಯಾಗ್ ಹಾಕುವುದು ದಿನಕ್ಕೊಂದು ದರ ಇಟ್ಟುಕೊಂಡು. ಜಿಗ್‌ಜ್ಯಾಗ್ ಎಂದರೆ ಸಣ್ಣ ಏರಿಳಿತಗಳನ್ನು ಬಿಟ್ಟು, ದರ ದಿಕ್ಕು ಬದಲಿಸಿದ ದೊಡ್ಡ ಶಿಖರ, ತಳಗಳನ್ನು ಮಾತ್ರ ನೇರ ಗೆರೆಗಳಿಂದ ಜೋಡಿಸುವ ಚಿತ್ರ. ಆ ದರ ಒಂದೇ ಅಂಗಡಿಯದಾಗಿರಬೇಕು. ಇವತ್ತು ಸೊಸೈಟಿಯದು, ನಾಳೆ ಪೇಟೆಯದು ಎಂದು ಬೆರೆಸಿದರೆ ಇಲ್ಲದ ತಿರುವು ಹುಟ್ಟುತ್ತದೆ.

ಲೆಕ್ಕ ಸರಳ. ಧಾರಣೆ ಏರುತ್ತಿರುವಾಗ ಅತಿ ಹೆಚ್ಚಿನ ದರವನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿಂದ ನಿಗದಿತ ಶೇಕಡಾವಾರು, ಅಂದರೆ ಮಿತಿಯಷ್ಟು, ಇಳಿದ ದಿನ ಮಾತ್ರ ಅದು ಶಿಖರವೆಂದು ಖಾತ್ರಿ. ತಳಕ್ಕೂ ಹೀಗೆಯೇ, ದಿಕ್ಕು ತಿರುಗಿಸಿ.

ಲೆಕ್ಕಕ್ಕಾಗಿ ಮಿತಿ 5% ಎಂದಿಟ್ಟುಕೊಳ್ಳಿ, ಕಿಲೋ ದರ ದಿನದಿಂದ ದಿನಕ್ಕೆ ಹೀಗಿರಲಿ:

```
400 412 421 438 460 449 452 441 436 430 444
```

400 ತಳವಾಗಿತ್ತೆಂದು ತಿಳಿಯುವುದು ದರ 420 ಮುಟ್ಟಿದ ಮೇಲೆ, ಅಂದರೆ 421ರ ದಿನ. 460 ಶಿಖರವೆಂದು ತಿಳಿಯಲು 437ಕ್ಕೆ ಇಳಿಯಬೇಕು. ಅದು ಆಗುವುದು 436ರ ದಿನ, ಶಿಖರ ಕಳೆದು ನಾಲ್ಕನೇ ದಿನ. ಚಿತ್ರದಲ್ಲಿ 400ರಿಂದ 460ಕ್ಕೆ ನೇರ ಗೆರೆ, 60 ರೂಪಾಯಿ. ಖಾತ್ರಿಯಾದ ದಿನಗಳಲ್ಲಿ ಕೊಂಡು ಮಾರಿದವನಿಗೆ 15 ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 400ರ ತಳದಿಂದ ಹೊರಟ ಏರಿಕೆ 442 ದಾಟದಿದ್ದರೆ, 420ಕ್ಕೆ ಕೊಂಡದ್ದನ್ನು 420ಕ್ಕೋ ಅದಕ್ಕಿಂತ ಕಡಿಮೆಗೋ ಮಾರಬೇಕಾಗುತ್ತದೆ. ಅಂದರೆ 5% ಮಿತಿಯಲ್ಲಿ ಸುಮಾರು 10.5%ಗಿಂತ ಸಣ್ಣ ಏರಿಕೆಗಳೆಲ್ಲ ನಷ್ಟವೇ, ಚಿತ್ರದಲ್ಲಿ ಅವು ಎಷ್ಟೇ ಚಂದ ಕಂಡರೂ.

ಇನ್ನು ಕೊನೆಯ ಗೆರೆ. 441ರ ದಿನ ನೋಡಿದರೆ 460 ಶಿಖರದಂತೆಯೇ ಕಾಣುತ್ತದೆ. ಮರುದಿನ 464 ಬಂದರೆ? ಆ ತುದಿ ಅಳಿದು 464ಕ್ಕೆ ಸರಿಯುತ್ತದೆ, ಹಳೆಯದರ ಗುರುತೂ ಉಳಿಯುವುದಿಲ್ಲ. ನಮ್ಮ ಪಟ್ಟಿಯಲ್ಲಿ ಕೊನೆಯ ದರಕ್ಕಿಂತ ಹಿಂದಿನ 430ರ ಕಥೆಯೂ ಅಷ್ಟೇ: 451.5 ಮುಟ್ಟುವವರೆಗೆ ಅದು ತಳವಲ್ಲ, ನಾಳೆ 425ಕ್ಕೆ ಇಳಿದರೆ ತುದಿ ಅಲ್ಲಿಗೆ ಹೋಗುತ್ತದೆ. ಖಾತ್ರಿಯಾದ ಹಳೆಯ ತಿರುವುಗಳು ಅಲ್ಲಾಡುವುದಿಲ್ಲ. ಮಿತಿ ಬದಲಿಸಿದರೆ ಮಾತ್ರ ಅವು ಬೇರೆಯಾಗಬಹುದು; ಪಟ್ಟಿಯ ಆರಂಭದ ದಿನ ಬದಲಿಸಿದರೆ ಮೊದಲಿನ ಒಂದೆರಡು ತಿರುವುಗಳೂ ಬೇರೆಯಾಗಬಹುದು.

ಮಿತಿ ಆರಿಸಲು ನಾನು ಮೊದಲು 1% ಹಾಕಿ ಸಣ್ಣಪುಟ್ಟ ಏರಿಳಿತಗಳ ಗಾತ್ರಗಳನ್ನು ಒಂದು ಕಾಲಂನಲ್ಲಿ ಇಳಿಸಿಕೊಳ್ಳುತ್ತೇನೆ. ಅವುಗಳಲ್ಲಿ ಹೆಚ್ಚಿನವು 3%ರೊಳಗೆ ಮುಗಿದರೆ ಮಿತಿ ಅದಕ್ಕಿಂತ ಮೇಲಿರಬೇಕು. ಆಮೇಲೆ 4, 5, 6 ಹಾಕಿ ನೋಡುವುದು: ದೊಡ್ಡ ತಿರುವುಗಳು ಮೂರರಲ್ಲೂ ಅವೇ ದಿನಗಳಲ್ಲಿ ನಿಂತರೆ 5 ಸಾಕು. 5ರಲ್ಲಿ ಮಾತ್ರ ಲಾಭ ತೋರಿಸಿದರೆ ಅದು ಆಕಸ್ಮಿಕ ಎಂದೇ ನನ್ನ ಎಣಿಕೆ.

ಹಾಳೆಯಲ್ಲಿ ಎರಡು ದಿನಾಂಕ ಬೇಕು, ತಿರುವಿನದು ಮತ್ತು ಖಾತ್ರಿಯಾದದ್ದು. ಲಾಭದ ಲೆಕ್ಕಕ್ಕೆ ಎರಡನೆಯದನ್ನೇ ಹಿಡಿಯಬೇಕು. ಕೊನೆಯ ಗೆರೆಯನ್ನು ಚುಕ್ಕಿ ಗೆರೆಯಾಗಿ ಎಳೆದು, ಪಕ್ಕದಲ್ಲಿ ಖಾತ್ರಿಗೆ ಬೇಕಾದ ದರವನ್ನು ಬರೆದಿಡುತ್ತೇನೆ. ಈ ಪಟ್ಟಿಗಾದರೆ 451.5.