ಮನೆ ಸಾಲದ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು: ನಾನೇ ಪಟ್ಟಿ ಹಾಕಿ ನೋಡಿದ್ದು

ನನ್ನ ಮನೆ ಸಾಲ 30 ಲಕ್ಷ. ಬಡ್ಡಿ ವರ್ಷಕ್ಕೆ 8.5%, ಅವಧಿ 20 ವರ್ಷ, ಕಂತು 26,035 ರೂಪಾಯಿ. ಬ್ಯಾಂಕಿನವರು ಸಾಲ ಕೊಡುವಾಗ ಒಂದು ವೇಳಾಪಟ್ಟಿಯ ಪ್ರಿಂಟ್ ಕೊಟ್ಟಿದ್ದರು. ಆದರೆ ಅದು ಕಾಗದ. ದರ ಏರಿದರೆ ಏನಾಗುತ್ತೆ, ಮಧ್ಯೆ ಒಂದು ಲಕ್ಷ ಕಟ್ಟಿದರೆ ಏನಾಗುತ್ತೆ ಅಂತ ಕೇಳಿದರೆ ಅದು ಉತ್ತರ ಕೊಡಲ್ಲ. ಅದಕ್ಕೇ ಎಕ್ಸೆಲ್‌ನಲ್ಲಿ ನಾನೇ ಒಂದು ಪಟ್ಟಿ ಹಾಕಿಕೊಂಡೆ. ಗೂಗಲ್ ಶೀಟ್ಸ್‌ನಲ್ಲೂ ಇದೇ ಸೂತ್ರಗಳು ನಡೆಯುತ್ತವೆ.

ಲೆಕ್ಕ ನಿಜಕ್ಕೂ ಸುಲಭ. ಈ ತಿಂಗಳ ಬಡ್ಡಿ ಅಂದರೆ ಈಗಿರುವ ಬಾಕಿಯ ಮೇಲೆ ಒಂದು ತಿಂಗಳ ಬಡ್ಡಿ, ಅಷ್ಟೇ. ಕಂತಿನಲ್ಲಿ ಮೊದಲು ಆ ಬಡ್ಡಿ ಮುರಿದುಕೊಳ್ಳುತ್ತಾರೆ, ಉಳಿದದ್ದು ಅಸಲಿಗೆ ಹೋಗುತ್ತೆ, ಬಾಕಿ ಅಷ್ಟು ಇಳಿಯುತ್ತೆ, ಮುಂದಿನ ತಿಂಗಳು ಇಳಿದ ಬಾಕಿಯ ಮೇಲೆ ಮತ್ತೆ ಇದೇ ಲೆಕ್ಕ.

ಮೊದಲ ಸಾಲಿನಲ್ಲಿ ತಲೆಬರಹ ಹಾಕಿದೆ. A ಯಿಂದ H ವರೆಗೆ ಕ್ರಮವಾಗಿ ತಿಂಗಳು, ಆರಂಭದ ಬಾಕಿ, ದರ, ಬಡ್ಡಿ, ಕಂತು, ಅಸಲು, ಹೆಚ್ಚುವರಿ ಪಾವತಿ, ಕೊನೆಯ ಬಾಕಿ. ಸಾಲದ ಮೊತ್ತ, ದರ, ತಿಂಗಳು, ಕಂತು ಇವನ್ನು ಪಕ್ಕದಲ್ಲಿ K ಕಲಂನಲ್ಲಿ ಇಟ್ಟೆ.

```
K1: 3000000
K2: 8.5%
K3: 240
K4: =ROUND(PMT(K2/12,K3,-K1),0)

A2: 1
B2: =K1
C2: =K2
D2: =ROUND(B2*C2/12,0)
E2: =MIN($K$4,B2+D2)
F2: =E2-D2
H2: =B2-F2-G2

A3: =A2+1
B3: =H2
C3: =C2
```

D, E, F, H ಸೂತ್ರಗಳನ್ನು ಮೂರನೇ ಸಾಲಿಗೂ ಇಳಿಸಿ, ಆಮೇಲೆ ಆ ಮೂರನೇ ಸಾಲನ್ನೇ ಹಿಡಿದು ಕೆಳಗೆ ಎಳೆದರಾಯಿತು. 240 ತಿಂಗಳಿಗೇ ನಿಲ್ಲಿಸಬೇಡಿ, 300 ತಿಂಗಳವರೆಗೆ ಎಳೆಯಿರಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ. E ಯಲ್ಲಿ MIN ಹಾಕಿರೋದು ಕೊನೆಯ ಕಂತಿಗೋಸ್ಕರ. ಪೈಸೆಗಳನ್ನು ರೂಪಾಯಿಗೆ ಸರಿ ಮಾಡಿದ್ದರಿಂದ ಕೊನೆಯ ತಿಂಗಳು ಪೂರ್ತಿ ಕಂತು ಬೇಕಾಗಲ್ಲ, ಅದಿಲ್ಲದಿದ್ದರೆ ಬಾಕಿ ಮೈನಸ್‌ಗೆ ಹೋಗುತ್ತೆ.

ಪಟ್ಟಿ ಸರಿ ಇದೆಯಾ ಅಂತ ನೋಡೋಕೆ ಎರಡು ಜಾಗ ಸಾಕು. 240ನೇ ತಿಂಗಳಿಗೆ H ಸೊನ್ನೆ ಆಗಿರಬೇಕು. ಮೊದಲ ತಿಂಗಳ ಬಡ್ಡಿ 21,250 ಬರಬೇಕು. 21 ಲಕ್ಷ ಬಂತು ಅಂದ್ರೆ 8.5 ರ ಮುಂದೆ ಶೇಕಡಾ ಚಿಹ್ನೆ ಬಿಟ್ಟುಹೋಗಿದೆ ಅಂತ ಅರ್ಥ.

ಈಗ ಓದಿ ನೋಡೋಣ. ಮೊದಲ ತಿಂಗಳು ಕಟ್ಟಿದ 26,035 ರಲ್ಲಿ 21,250 ಬಡ್ಡಿ, ಅಸಲಿಗೆ ಹೋಗಿದ್ದು ಬರೀ 4,785. ಎರಡನೇ ತಿಂಗಳು ಬಡ್ಡಿ 21,216, ಅಸಲು 4,819. ಅಂದರೆ ತಿಂಗಳಿಗೆ ಮೂವತ್ತು ಚಿಲ್ಲರೆ ರೂಪಾಯಿ ಬಡ್ಡಿಯಿಂದ ಅಸಲಿನ ಕಡೆ ಸರಿಯುತ್ತೆ, ಅಷ್ಟೇ ವೇಗ. ಮೊದಲ ವರ್ಷ ಪೂರ್ತಿ 3.12 ಲಕ್ಷ ಕಟ್ಟಿದರೆ ಸಾಲ ಇಳಿಯೋದು ಸುಮಾರು 59,700. ಅಸಲಿನ ಪಾಲು ಬಡ್ಡಿಯ ಪಾಲನ್ನು ದಾಟೋದು 143ನೇ ಕಂತಿನಲ್ಲಿ, ಅಂದರೆ ಹತ್ತಿರ ಹತ್ತಿರ 12 ವರ್ಷ ಆದಮೇಲೆ. ಬಾಕಿ ಅರ್ಧಕ್ಕೆ, ಅಂದರೆ 15 ಲಕ್ಷಕ್ಕಿಂತ ಕೆಳಗೆ ಬರೋಕೆ 166 ತಿಂಗಳು ಬೇಕು. ಕೊನೆಗೆ ಬಡ್ಡಿ ಕಲಂ ಕೂಡಿದರೆ ಸುಮಾರು 32.5 ಲಕ್ಷ, ತಗೊಂಡ ಸಾಲಕ್ಕಿಂತ ಜಾಸ್ತಿ. ಇದರಲ್ಲಿ ಮೋಸ ಏನಿಲ್ಲ, ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದು, ಅಲ್ವಾ. ಆದರೂ ಇಷ್ಟೂ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಎದೆ ಸ್ವಲ್ಪ ಧಸಕ್ ಅನ್ನುತ್ತೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಇಟ್ಟು ನೋಡಿದರೆ ನಿಮ್ಮ ಬಡ್ಡಿ ತಾಳೆ ಆಗದೇ ಇರಬಹುದು. ನನ್ನದರಲ್ಲಿ ಮೊದಲ ತಿಂಗಳು 21,250 ಬದಲು 21,658 ಇತ್ತು. 408 ರೂಪಾಯಿ ಎಲ್ಲಿಂದ ಬಂತು? ಅದು 31 ದಿನದ ತಿಂಗಳು. ಎಷ್ಟೋ ಬ್ಯಾಂಕುಗಳು ವರ್ಷದ ದರವನ್ನು ಹನ್ನೆರಡರಿಂದ ಭಾಗಿಸಲ್ಲ, ದಿನದ ಬಾಕಿಯ ಮೇಲೆ ದಿನ ಲೆಕ್ಕದಲ್ಲಿ ಬಡ್ಡಿ ಹಾಕುತ್ತವೆ. ಅದೇ ಬಾಕಿಗೆ 28 ದಿನದ ಫೆಬ್ರವರಿಯಲ್ಲಿ 19,562 ಮಾತ್ರ ಬರುತ್ತೆ. ನಿಮ್ಮ ಬ್ಯಾಂಕೂ ಹಾಗೇ ಮಾಡುತ್ತಿದ್ದರೆ I ಕಲಂನಲ್ಲಿ ಆಯಾ ತಿಂಗಳ ದಿನಗಳನ್ನು ಬರೆದು ಬಡ್ಡಿಯ ಸೂತ್ರ ಹೀಗೆ ಬದಲಿಸಿ:

```
D2: =ROUND(B2*C2*I2/365,0)
```

ಕಂತು ತಿಂಗಳ ಮಧ್ಯೆ ಕಟ್ ಆಗುತ್ತಿದ್ದರೆ ಆಗಲೂ ಒಂದಿಷ್ಟು ವ್ಯತ್ಯಾಸ ಉಳಿಯುತ್ತೆ, ಯಾಕಂದ್ರೆ ಆ ದಿನದಿಂದಲೇ ಬಾಕಿ ಇಳಿಯುತ್ತೆ. ನಾನು ಅಷ್ಟು ದೂರ ಹೋಗಲಿಲ್ಲ. ವರ್ಷದ ಮೊತ್ತ ಹತ್ತಿರ ಬಂದರೆ ನನಗೆ ಸಾಕು. ಮುಂದಿನ ಲೆಕ್ಕಗಳನ್ನೆಲ್ಲ ಹನ್ನೆರಡರ ಸೂತ್ರದಲ್ಲೇ ಮಾಡಿದ್ದೇನೆ.

ದರದ ಕಲಂ ಪ್ರತಿ ಸಾಲಿಗೂ ಬೇರೆ ಇಟ್ಟಿದ್ದು ಯಾಕೆ ಅಂದ್ರೆ, ನನ್ನದು ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ ಸಾಲ. ಅದು ಬದಲಾದರೆ ನನ್ನ ದರವೂ ಬದಲಾಗುತ್ತೆ. ರಿಸರ್ವ್ ಬ್ಯಾಂಕ್ 2022ರ ಮೇ ಇಂದ 2023ರ ಫೆಬ್ರವರಿ ಒಳಗೆ ರೆಪೋವನ್ನು 4% ಇಂದ 6.5% ಗೆ ಏರಿಸಿದ್ದು ನೆನಪಿರಬಹುದು. 13ನೇ ತಿಂಗಳ ಸಾಲಿನಲ್ಲಿ, ಅಂದರೆ C14 ರಲ್ಲಿ, ಸುಮ್ನೆ 9% ಅಂತ ಬರೆದು ನೋಡಿ, ಕೆಳಗಿನದೆಲ್ಲ ತಾನಾಗಿ ಬದಲಾಗುತ್ತೆ. ಕಂತು ಅದೇ 26,035 ಇಟ್ಟರೆ ಸಾಲ ಮುಗಿಯೋಕೆ ಆ ತಿಂಗಳಿಂದ 228 ಅಲ್ಲ, 252 ಕಂತು ಬೇಕು. ಅರ್ಧ ಪರ್ಸೆಂಟ್‌ಗೆ ಎರಡು ವರ್ಷ ಜಾಸ್ತಿ! ಪಟ್ಟಿಯನ್ನು ಉದ್ದಕ್ಕೆ ಎಳೆಯಿರಿ ಅಂದಿದ್ದು ಇದಕ್ಕೇ. F ಕಲಂನಲ್ಲಿ ಮೈನಸ್ ಕಂಡರಂತೂ ಕಂತು ಬಡ್ಡಿಗೂ ಸಾಲುತ್ತಿಲ್ಲ, ಸಾಲ ಬೆಳೆಯುತ್ತಿದೆ ಅಂತ ಅರ್ಥ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಅನ್ನೋ ಆಯ್ಕೆ ಸಾಲಗಾರನಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ, ಕೇಳಿ.

ನನಗೆ ಪಟ್ಟಿಯಿಂದ ಹೆಚ್ಚು ಉಪಯೋಗ ಆಗಿದ್ದು G ಕಲಂನಿಂದ. ದರ 8.5% ಕ್ಕೇ ವಾಪಸ್ ಇಟ್ಟು, 12ನೇ ತಿಂಗಳ ಸಾಲಿನಲ್ಲಿ 1,00,000 ಅಂತ ಹಾಕಿದೆ. ಸಾಲ 18 ತಿಂಗಳು ಮುಂಚೆ ಮುಗಿಯಿತು, ಬಡ್ಡಿಯಲ್ಲಿ ಸುಮಾರು 3.7 ಲಕ್ಷ ಉಳಿಯಿತು. ಅದೇ ಒಂದು ಲಕ್ಷವನ್ನು 142ನೇ ತಿಂಗಳಿಗೆ ಸರಿಸಿದರೆ ಉಳಿತಾಯ ಸುಮಾರು 95,000 ಕ್ಕೆ ಇಳಿಯಿತು. ಹಾಗಂತ ಕೈಯಲ್ಲಿರೋ ದುಡ್ಡೆಲ್ಲ ಸುರಿಯಿರಿ ಅಂತಲ್ಲ. ಆಸ್ಪತ್ರೆ, ಕೆಲಸ ಹೋಗೋದು, ಇಂಥದ್ದಕ್ಕೆ ಇಟ್ಟ ದುಡ್ಡು ಬೇರೆ. ಇನ್ನೊಂದು, ವ್ಯಕ್ತಿಗಳು ತಗೊಂಡ ಫ್ಲೋಟಿಂಗ್ ದರದ ಮನೆ ಸಾಲಕ್ಕೆ ಬ್ಯಾಂಕುಗಳು ಮುಂಚಿತ ಪಾವತಿಯ ದಂಡ ಹಾಕುವಂತಿಲ್ಲ.

ಹೆಚ್ಚುವರಿ ಹಣ ಕಟ್ಟಿದಾಗ ಬ್ಯಾಂಕಿನವರು ಕಂತು ಇಳಿಸುತ್ತಾರೋ, ಅವಧಿ ಇಳಿಸುತ್ತಾರೋ ಅನ್ನೋದನ್ನೂ ನೋಡಬೇಕು. ಮೇಲಿನ 3.7 ಲಕ್ಷ ಬರೋದು ಕಂತು ಹಾಗೇ ಇದ್ದು ಅವಧಿ ಇಳಿದರೆ ಮಾತ್ರ. ಅವಧಿ ಹಾಗೇ ಬಿಟ್ಟು ಕಂತು ಇಳಿಸಿದರೆ ಅದು ಸುಮಾರು 25,150 ಆಗುತ್ತೆ, ತಿಂಗಳಿಗೆ 885 ರೂಪಾಯಿ ಹಗುರ ಅನಿಸುತ್ತೆ, ಆದರೆ ಒಟ್ಟು ಬಡ್ಡಿಯಲ್ಲಿ ಉಳಿಯೋದು ಬರೀ ಒಂದು ಲಕ್ಷದ ಆಸುಪಾಸು. ಅದಕ್ಕೇ ನಾನು ಹಣದ ಜೊತೆಗೆ "ಕಂತು ಬದಲಿಸಬೇಡಿ, ಅವಧಿ ಕಡಿಮೆ ಮಾಡಿ" ಅಂತ ಬರಹದಲ್ಲೇ ಕೊಡುತ್ತೇನೆ, ಆಮೇಲೆ ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಕಂತು ಮತ್ತು ಉಳಿದ ತಿಂಗಳು ಎರಡನ್ನೂ ನನ್ನ ಪಟ್ಟಿಯ ಜೊತೆ ಹೋಲಿಸುತ್ತೇನೆ.