ಫೋಟೊ ನೋಡಿ ಡಿಶ್‌ನ ಭಾಗ ಗುರುತಿಸಿದ ನನ್ನ ಅನುಭವ

ಕೋಲಾರದಲ್ಲಿ ಡಿಶ್ ರಿಪೇರಿ ಮಾಡುವ ನನಗೆ ಮುಳಬಾಗಿಲು ಕಡೆಯ ಹಳ್ಳಿಯೊಂದರಿಂದ ಒಬ್ಬರು ಫೋಟೊ ಕಳುಹಿಸಿ, “ಅಣ್ಣಾ, ಡಿಶ್‌ನ ಕೈ ಮುರಿದುಹೋಗಿದೆ, ಹೊಸದು ತಂದುಬಿಡಿ” ಎಂದಿದ್ದರು. ಅಂಗಳದಲ್ಲಿ ನಿಂತು ತೆಗೆದ ಆ ಚಿತ್ರದಲ್ಲಿ ಡಿಶ್‌ನ ಹಿಂದಿನ ಕಂಬವೂ ಮುಂದಿನ ಕೈಯೂ ಒಂದರ ಮೇಲೊಂದು ಬಿದ್ದು ಒಂದೇ ಕೊಳವೆಯಂತೆ ಕಾಣುತ್ತಿದ್ದವು. ನಾನು ಕೈಯನ್ನೇ ಒಯ್ದೆ. ಮಾಳಿಗೆ ಹತ್ತಿ ನೋಡಿದರೆ ಕೈ ಗಟ್ಟಿಯಾಗಿಯೇ ಇತ್ತು. ಅದರ ತುದಿಯಲ್ಲಿ ಸಿಗ್ನಲ್ ಪರಿವರ್ತಕವಾದ ಎಲ್‌ಎನ್‌ಬಿಯನ್ನು ಹಿಡಿಯುವ ಪ್ಲಾಸ್ಟಿಕ್ ಹಿಡಿಕೆ ಬಿಸಿಲಿಗೆ ಸೀಳಿ, ಎಲ್‌ಎನ್‌ಬಿ ಜೋತುಬಿದ್ದಿತ್ತು.

ಅಂದಿನಿಂದ ನಾನು ಚಿತ್ರವನ್ನು ಕೇಬಲ್‌ನಿಂದ ಓದಲು ಆರಂಭಿಸಿದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಮೇಲೇರಿದ ಕೇಬಲ್ ತಿರುಪಿನ ಕನೆಕ್ಟರ್‌ನಲ್ಲಿ ಎಲ್ಲಿ ಕೊನೆಗೊಳ್ಳುತ್ತದೆಯೋ ಅದೇ ಎಲ್‌ಎನ್‌ಬಿ. ಅದರ ದುಂಡು ಬಾಯಿ ಡಿಶ್‌ನತ್ತ ತಿರುಗಿರುತ್ತದೆ. ಪ್ಲಾಸ್ಟಿಕ್ ಮುಚ್ಚಳದ ಹಿಂದಿರುವ ಆ ಬಾಯಿಯೇ ಫೀಡ್ ಹಾರ್ನ್. ಮನೆಗಳ ಮೇಲಿನ ಸಣ್ಣ ಡಿಶ್‌ಗಳಲ್ಲಿ ಇವೆರಡೂ ಒಂದೇ ಕವಚದೊಳಗೆ ಕೂಡಿಕೊಂಡಿರುವುದರಿಂದ, “ಹಾರ್ನ್ ಮಾತ್ರ ಕೊಡಿ” ಎಂದು ಕೇಳಿದವರಿಗೆ ಇಡೀ ಎಲ್‌ಎನ್‌ಬಿಯನ್ನೇ ಕೊಡಬೇಕಾಗುತ್ತದೆ. ಹಳೆಯ ದೊಡ್ಡ ಸಿ ಬ್ಯಾಂಡ್ ಡಿಶ್‌ಗಳಲ್ಲಿ ಉಂಗುರಗಳುಳ್ಳ ಲೋಹದ ಹಾರ್ನ್ ಪ್ರತ್ಯೇಕವಾಗಿದ್ದು, ಅದಕ್ಕೆ ಎಲ್‌ಎನ್‌ಬಿಯನ್ನು ಬೋಲ್ಟ್ ಹಾಕಿ ಬಿಗಿದಿರುವುದೂ ಉಂಟು.

ಎಲ್‌ಎನ್‌ಬಿಯಿಂದ ಹಿಂದಕ್ಕೆ ಬಂದರೆ ಮೊದಲು ಹಿಡಿಕೆ, ಆಮೇಲೆ ಕೈ. ಸಣ್ಣ ಡಿಶ್‌ನ ಕೈ ಕೆಳ ಅಂಚಿನಿಂದ ಮುಂದಕ್ಕೆ ಚಾಚಿರುತ್ತದೆ, ಏಕೆಂದರೆ ಎಲ್‌ಎನ್‌ಬಿಯ ನೆರಳು ಡಿಶ್‌ನ ಮೇಲೆ ಬೀಳದಂತೆ ಅದರ ಆಕಾರವನ್ನೇ ರೂಪಿಸಿರುತ್ತಾರೆ. ಡಿಶ್‌ನ ಬೆನ್ನಿಗೆ ಕ್ಲ್ಯಾಂಪ್‌ನಿಂದ ಕಚ್ಚಿಕೊಂಡಿರುವುದು ಕಂಬ. ಕ್ಲ್ಯಾಂಪ್ ಸಡಿಲವಾದರೆ ಇಡೀ ಡಿಶ್ ದಿಕ್ಕು ತಪ್ಪುತ್ತದೆ. ಕೈ ಬಾಗಿದರೆ ಡಿಶ್ ನೆಟ್ಟಗಿದ್ದರೂ ಹಾರ್ನ್‌ನ ಬಾಯಿ ಮಾತ್ರ ಬೇರೆಡೆ ನೋಡುತ್ತದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಈ ಬಾಗು ಕಾಣುವುದೇ ಇಲ್ಲವಾದ್ದರಿಂದ, ಡಿಶ್‌ನ ಎತ್ತರಕ್ಕೇ ನಿಂತು ಪಕ್ಕದಿಂದ ಒಂದು, ಎಲ್‌ಎನ್‌ಬಿಯ ಹತ್ತಿರದಿಂದ ಇನ್ನೊಂದು ಫೋಟೊ ಕೇಳುತ್ತೇನೆ. ಇಳಿಜಾರಿನ ಹೆಂಚಿನ ಮನೆಯಾದರೆ ಹತ್ತಬೇಡಿ ಎಂದು ಹೇಳಿ ನಾನೇ ಹೋಗುತ್ತೇನೆ.

ಹತ್ತಿರದ ಫೋಟೊದಿಂದ ಎರಡು ಉಪಯೋಗಗಳಿವೆ. ಕನೆಕ್ಟರ್‌ಗಳನ್ನು ಎಣಿಸಿದರೆ ಒಂದು ಟಿವಿಯ ಎಲ್‌ಎನ್‌ಬಿಯೋ ಎರಡರದೋ ತಿಳಿಯುತ್ತದೆ; ಮುಚ್ಚಳದಲ್ಲಿ ಬಿರುಕು ಕಂಡರೆ, ಮಳೆ ಬಂದಾಗಲೆಲ್ಲ ಟಿವಿಯ ಚಿತ್ರ ಹೋಗಿ ಒಣಗಿದ ಮೇಲೆ ಮರಳುತ್ತದೆಯೇ ಎಂದು ಕೇಳುತ್ತೇನೆ. ಹೌದೆಂದರೆ ಒಳಗೆ ನೀರು ಸೇರಿರುವ ಸಂಭವ ಹೆಚ್ಚು.

ಒಳಗಿನ ಸರ್ಕ್ಯೂಟ್ ಸುಟ್ಟಿದ್ದರೆ ಯಾವ ಫೋಟೊದಲ್ಲೂ ತಿಳಿಯದು. ಬಾಕ್ಸ್‌ನಿಂದ 13 ಅಥವಾ 18 ವೋಲ್ಟ್ ಕೇಬಲ್ ತುದಿಯವರೆಗೆ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿ, ಬರುತ್ತಿದ್ದರೆ ಚೆನ್ನಾಗಿರುವ ಇನ್ನೊಂದು ಎಲ್‌ಎನ್‌ಬಿಯನ್ನು ಅದೇ ಹಿಡಿಕೆಯಲ್ಲಿ, ಅದೇ ಓರೆಯಲ್ಲಿ ಕೂರಿಸಿ ಪರೀಕ್ಷಿಸುತ್ತೇನೆ.